ಹೊಗಳೋರು ಬೇರೆ, ಕರೆದುಕೊಂಡು ಹೋಗೋರು ಬೇರೆ

ನಮ್ಮ ಯಾದಗಿರಿ ಕಡೆ ಮದುವೆ ಸಂಬಂಧ ಕೂಡಿಸೋದನ್ನ ಹತ್ತಿರದಿಂದ ನೋಡಿದವರಿಗೆ ಇದು ಗೊತ್ತಿರುತ್ತೆ. "ಹುಡುಗ ಚಲೋ ಅದಾನ್ರಿ" ಅಂತ ಊರಲ್ಲಿ ಹತ್ತು ಜನ ಹೇಳ್ತಾರೆ. ಆ ಮಾತಿಗೆ ಖರ್ಚಿಲ್ಲ. ಆದರೆ ಹೆಣ್ಣಿನ ಮನೆಗೆ ತಾವೇ ಕರೆದುಕೊಂಡು ಹೋಗಿ, ಚಾಪೆ ಮೇಲೆ ಕೂತು, "ನಾ ಹೇಳ್ತೀನಿ, ಕೊಡ್ರಿ" ಅನ್ನೋರು ಒಬ್ಬರೋ ಇಬ್ಬರೋ. ಮುಂದೆ ಏನಾದರೂ ಹೆಚ್ಚುಕಮ್ಮಿ ಆದರೆ ಎರಡೂ ಮನೆಯವರು ಬಂದು ಕೇಳೋದು ಅವರನ್ನೇ.

ವ್ಯಾಪಾರದಲ್ಲಿ ಮೊದಲನೆಯದಕ್ಕೆ ಟೆಸ್ಟಿಮೋನಿಯಲ್ ಅಂತಾರೆ, ಎರಡನೆಯದಕ್ಕೆ ರೆಫರಲ್. ನಮ್ಮಂಥ ಸಣ್ಣ ಕೆಲಸದವರು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿಬಿಡ್ತೀವಿ. "ಸರ್, ಗೂಗಲ್‌ನಲ್ಲಿ ಎರಡು ಸಾಲು ಬರೀರಿ, ಹಂಗೇ ಯಾರಾದ್ರೂ ಇದ್ರೆ ಹೇಳ್ರಿ." ಎರಡು ಸಾಲು ಬರುತ್ತೆ. "ಯಾರಾದ್ರೂ" ಮಾತ್ರ ಬರೋದೇ ಇಲ್ಲ.

ನಾನು ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದೆ. ಈಗ ಕಕ್ಕೇರಾದಲ್ಲೇ ಇದ್ದು, ಗೊಬ್ಬರ, ಬೀಜ, ಕ್ರಿಮಿನಾಶಕದ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಉದ್ರಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡ್ತೀನಿ. ವರ್ಷಕ್ಕಿಷ್ಟು ಅಂತ ಚಂದಾ. ಹೊಸ ಅಂಗಡಿ ಸಿಗದಿದ್ದರೆ ಮತ್ತೆ ಬೆಂಗಳೂರಿನ ಬಸ್ ಹತ್ತಬೇಕು, ಲೆಕ್ಕ ಅಷ್ಟು ಸರಳ. ಫೇಸ್‌ಬುಕ್ ಜಾಹೀರಾತು ನೋಡಿ ಸಾಫ್ಟ್‌ವೇರ್ ಕೊಳ್ಳೋ ಗೊಬ್ಬರದ ಅಂಗಡಿಯವರನ್ನ ನಾನಿನ್ನೂ ನೋಡಿಲ್ಲ. ಅವರು ಕೇಳೋದು ಒಂದೇ ಪ್ರಶ್ನೆ: "ನಮ್ಮೋರು ಯಾರ್ ಹಾಕ್ಯಾರ?" ಹಾಗಾಗಿ ಪರಿಚಯ ಕೇಳೋ ಕೆಲಸವನ್ನ ನಾನು ಕೋಡ್‌ನಷ್ಟೇ ಗಮನ ಕೊಟ್ಟು ಮಾಡ್ತೀನಿ. ಒಂದು ಅಂಗಡಿಯ ಕಥೆ ಇಟ್ಟುಕೊಂಡು ಅದನ್ನ ಹೇಳ್ತೀನಿ.

ಎರಡನ್ನೂ ಬೇರೆ ಮಾಡೋದು ಯಾಕೆ?

ಆ ಅಂಗಡಿ ನಮ್ಮೂರಿನದೇ. ಮಾಲೀಕರನ್ನ ಎಲ್ಲರೂ ಸಾವ್ಕಾರ್ರು ಅಂತಾರೆ, ನಾನೂ ಹಾಗೇ ಕರೀತೀನಿ. ಏಪ್ರಿಲ್‌ನಲ್ಲಿ ಸಾಫ್ಟ್‌ವೇರ್ ಹಾಕಿದಾಗ ಅವರ ಕೆಂಪು ವಹಿಯಲ್ಲಿ 312 ಉದ್ರಿ ಖಾತೆ ಇದ್ದವು. ಮುಂಗಾರಿನಲ್ಲಿ ರೈತರು ಗೊಬ್ಬರ, ಔಷಧಿ ಒಯ್ತಾರೆ, ರಾಶಿ ಆದ ಮೇಲೆ ದುಡ್ಡು ಕೊಡ್ತಾರೆ. ನಡುವೆ ಐದಾರು ತಿಂಗಳು.

ಆಗಸ್ಟ್‌ನಲ್ಲಿ, ಸಾಫ್ಟ್‌ವೇರ್ ಕೈಗೆ ಒಗ್ಗಿತು ಅಂತ ಕಂಡಾಗ, ನಾನು ಅವರ ಹತ್ತಿರ ಟೆಸ್ಟಿಮೋನಿಯಲ್ ಕೇಳಿದೆ. "ಬಿಲ್ ಲಗೂನ ಆಗ್ತದ, ಹುಡುಗ ಫೋನ್ ಎತ್ತತಾನ" ಅಂತ ಬರೆದುಕೊಟ್ಟರು. ಅಷ್ಟಕ್ಕೆ ನಿಲ್ಲಿಸಿದೆ. ಯಾರ ಹೆಸರೂ ಕೇಳಲಿಲ್ಲ.

ಯಾಕೆ ಅಂದರೆ, ಟೆಸ್ಟಿಮೋನಿಯಲ್ ಓದೋರು ಯಾರು ಅಂತ ಬರೆದವರಿಗೆ ಗೊತ್ತಿರಲ್ಲ. ಓದಿದವರಿಗೆ ನಾಳೆ ತೊಂದರೆ ಆದರೂ ಸಾವ್ಕಾರ್ರ ಅಂಗಡಿ ಬಾಗಿಲಿಗೆ ಬಂದು ನಿಲ್ಲಲ್ಲ. ಪರಿಚಯ ಮಾಡಿಕೊಟ್ಟರೆ ಮಾತೇ ಬೇರೆ. ಆಗ ಅವರು ಒಂದು ಮುಖ ನೋಡಿ, ಒಂದು ಹೆಸರು ಹಿಡಿದು ಹೇಳಬೇಕು. ಆ ಮನುಷ್ಯ ಮುಂದಿನ ಮದುವೆಯಲ್ಲಿ ಪಕ್ಕದಲ್ಲೇ ಊಟಕ್ಕೆ ಕೂರ್ತಾನೆ. ನನ್ನ ಕೆಲಸ ಕೆಟ್ಟರೆ ಅವರ ಮಾತು ಕೆಡುತ್ತೆ. ಆಗಸ್ಟ್‌ನಲ್ಲಿ ಅವರಿಗೆ ಗೊತ್ತಿದ್ದದ್ದು ಬಿಲ್ ಬೇಗ ಆಗುತ್ತೆ ಅನ್ನೋದು ಮಾತ್ರ. ಉದ್ರಿ ವಸೂಲಾಗುತ್ತಾ ಅನ್ನೋದು ಇನ್ನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೊಣೆ ಹೊರಿಸೋದು ಸರಿಯಲ್ಲ.

ಇನ್ನೊಂದು ಕಾರಣವೂ ಇದೆ. ಒಂದು ಉಪಕಾರ ಮಾಡಿದವರಿಗೆ ಋಣ ತೀರಿತು ಅನ್ನಿಸುತ್ತೆ. ಎರಡನ್ನೂ ಒಟ್ಟಿಗೆ ಕೇಳಿದರೆ ಅವರು ಸುಲಭವಾದದ್ದನ್ನ ಮಾಡಿ ಕೈ ತೊಳೆದುಕೊಳ್ತಾರೆ. ಎರಡು ಸಾಲು ಬರೆದಾಯ್ತಲ್ಲ!

ರಾಶಿ ಆಗೋತನಕ ಕಾಯೋದು

ಸರಿಯಾದ ಸಮಯ ಅಂದರೆ ಗ್ರಾಹಕರು ಖುಷಿಯಾಗಿರೋ ದಿನ ಅಂತ ಎಲ್ಲರೂ ಹೇಳ್ತಾರೆ. ಆದರೆ ಖುಷಿಯಲ್ಲೂ ಬೇರೆ ಬೇರೆ ಥರ ಇದೆ. ಹೊಸದು ಬಂದ ಖುಷಿ, ಕಾಟ ತಪ್ಪಿದ ನಿರಾಳ, ಲಾಭ ಕಂಡ ಸಮಾಧಾನ. ಪರಿಚಯ ಹುಟ್ಟೋದು ಮೂರನೆಯದರಲ್ಲಿ.

ಸಾಫ್ಟ್‌ವೇರ್ ಹಾಕಿದ ದಿನ ಸಾವ್ಕಾರ್ರು ಪೇಡೆ ಹಂಚಿದರು. ಅದು ಹೊಸದರ ಖುಷಿ. ಜುಲೈನಲ್ಲಿ ಒಂದು ದಿನ ಪ್ರಿಂಟರ್ ನಿಂತುಹೋಗಿ, ನಾನು ಹೋಗಿ ಸರಿಮಾಡಿದಾಗ "ನೀ ದೇವರಂಗ ಬಂದಿ ತಮ್ಮಾ" ಅಂದರು. ಅದು ನಿರಾಳ. ಕೇಳೋಕೆ ಇದೇ ಸಮಯ ಅಂತ ಅನ್ನಿಸೋದು ಸಹಜ. ಆದರೆ ನಿರಾಳದ ಹಿಂದೆ ತೊಂದರೆಯ ನೆನಪು ಹಸಿಯಾಗಿರುತ್ತೆ. ಆ ವಾರ ಯಾರಿಗಾದರೂ ಹೇಳಿದರೆ "ಚಲೋ ಅದ, ಆದ್ರ ಮೊನ್ನೆ ನಿಂತಿತ್ತು" ಅಂತಲೇ ಹೇಳೋದು.

ನಾನು ಕಾಯ್ತಿದ್ದದ್ದು ಭತ್ತದ ರಾಶಿಗೆ. ನಾರಾಯಣಪುರ ಎಡದಂಡೆ ಕಾಲುವೆ ನೀರಿನ ಮೇಲೆ ನಡೆಯೋ ಮುಂಗಾರು ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತೆ. ಆಮೇಲೆ ಉದ್ರಿ ವಸೂಲಿ, ಅದರ ಜೊತೆಗೇ ಪ್ರತಿ ವರ್ಷದ ಜಗಳ. "ನಾ ಎರಡ ಚೀಲ ಒಯ್ದೀನ್ರಿ, ನೀವ್ ಮೂರ್ ಬರ್ದೀರಿ." ಯೂರಿಯಾದ 45 ಕೆಜಿ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಚೀಲ ಸಣ್ಣದು, ಆದರೆ ಮುನ್ನೂರು ಖಾತೆಯಲ್ಲಿ ಇಂಥ ತಕರಾರು ಸಾಲು ಸಾಲಾಗಿ ಬಂದರೆ ದುಡ್ಡೂ ಹೋಗುತ್ತೆ, ಗಿರಾಕಿಯೂ ಹೋಗ್ತಾನೆ. ನಮ್ಮ ಸಾಫ್ಟ್‌ವೇರ್ ಉದ್ರಿ ಬರೆದ ತಕ್ಷಣ ರೈತರ ಮೊಬೈಲ್‌ಗೆ ಚೀಲ, ದರ, ಒಟ್ಟು ಬಾಕಿ ಕಳಿಸುತ್ತೆ. ತಕರಾರು ಇದ್ದರೆ ಅವತ್ತೇ ಬರುತ್ತೆ, ಡಿಸೆಂಬರ್‌ನಲ್ಲಿ ಬರಲ್ಲ.

ಡಿಸೆಂಬರ್ ಕೊನೆಯ ವಾರ ಬೇರೆ ಕೆಲಸಕ್ಕೆ ಅಂಗಡಿಗೆ ಹೋಗಿದ್ದೆ. ನಾನು ಕೇಳದೇ ಅವರೇ ಶುರುಮಾಡಿದರು: "ಈ ಸಲ ಒಂದ್ ಜಗಳ ಇಲ್ಲ ನೋಡ್ ತಮ್ಮಾ. ಹೋದ್ ವರ್ಷ ಈ ಹೊತ್ತಿಗೆ ಅರ್ಧ ಬಂದಿದ್ದಿಲ್ಲ, ಈ ವರ್ಷ ನಾಕರಾಗ ಮೂರ್ ಪಾಲ್ ಬಂದಾದ."

ಆ ಮಾತಿನಲ್ಲಿ ಮೂರು ಗುರುತು ಇದ್ದವು. ಈಗ ಎಲ್ಲ ಕಡೆ ನಾನು ಇವನ್ನೇ ಹುಡುಕ್ತೀನಿ. ಮೊದಲನೆಯದು, ಅವರು ಮಾತಾಡಿದ್ದು ನನ್ನ ಬಗ್ಗೆ ಅಲ್ಲ, ತಮ್ಮ ವಸೂಲಿ ಬಗ್ಗೆ. "ನೀ ಚಲೋ ಹುಡುಗ" ಅನ್ನೋದು ಪ್ರೀತಿ, "ನಾಕರಾಗ ಮೂರ್ ಪಾಲ್ ಬಂತು" ಅನ್ನೋದು ಅನುಭವ. ಎರಡನೆಯದು, ಲೆಕ್ಕ ಅವರದೇ, ನಾನು ಬಾಯಿಗೆ ಹಾಕಿದ್ದಲ್ಲ. ಇನ್ನೊಬ್ಬರ ಮುಂದೆ ಅದೇ ಲೆಕ್ಕವನ್ನ ಅವರು ಸಲೀಸಾಗಿ ಹೇಳಬಲ್ಲರು. ಮೂರನೆಯದು, ನಮ್ಮಿಬ್ಬರ ನಡುವೆ ಆಗ ಬಾಕಿ ಏನೂ ಇರಲಿಲ್ಲ. ಬಿಲ್ ಬಾಕಿ ಇದ್ದಾಗ ಪರಿಚಯ ಕೇಳಿದರೆ ಅದು ಚೌಕಾಶಿ ಆಗುತ್ತೆ: "ಇಬ್ಬರನ್ನ ಕೊಡ್ತೀನಿ, ಸಾವಿರ ಬಿಡು."

ಆದರೂ ಆ ನಿಮಿಷ ಕೇಳಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ರೈತರು ನಿಂತಿದ್ದರು. ಉದ್ರಿ ವಿಷಯ ಗಿರಾಕಿ ಎದುರಿಗೆ ಆಡೋದಲ್ಲ. ಸಂಜೆ ಶಟರ್ ಎಳೆಯೋ ಹೊತ್ತಿಗೆ ಮತ್ತೆ ಹೋದೆ. ಇಂಥ ಮಾತನ್ನ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ನೀಲಿ ಟಿಕ್ ಬಿದ್ದು ಅಲ್ಲೇ ಉಳಿಯುತ್ತೆ. ಹಾಗೆಯೇ ಜೂನ್, ಜುಲೈನ ಗೊಬ್ಬರದ ಗದ್ದಲದಲ್ಲಿ ಕೇಳೋ ಹಾಗಿಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸೋರಾದರೆ 11 ಮತ್ತು 20ನೇ ತಾರೀಕಿನ ಆಸುಪಾಸೂ ಬೇಡ.

"ಯಾರಾದ್ರೂ" ಅಂತ ಕೇಳಬೇಡಿ

"ಯಾರಾದ್ರೂ ಇದ್ರೆ ಹೇಳ್ರಿ" ಅಂದರೆ ತಲೆಯಲ್ಲಿ ಯಾರೂ ಬರಲ್ಲ. ಅದರಲ್ಲೂ ಸಣ್ಣ ಊರಿನಲ್ಲಿ ಮೊದಲು ನೆನಪಾಗೋದು ಎದುರು ಅಂಗಡಿ, ಅಂದರೆ ಪೈಪೋಟಿದಾರ. ತನಗೆ ಅನುಕೂಲ ಆದದ್ದನ್ನ ಅವನಿಗೆ ಯಾಕೆ ಕೊಡಬೇಕು? ಆ ಯೋಚನೆ ಬಂದ ಕೂಡಲೇ ಮನಸ್ಸಿನ ಬಾಗಿಲು ಮುಚ್ಚುತ್ತೆ.

ಅದಕ್ಕೆ ನಾನು ಹೋಗೋ ಮುಂಚೆ ಒಂದು ಹಾಳೆಯಲ್ಲಿ ಆ ಅಂಗಡಿಯ ವ್ಯವಹಾರದ ನಕ್ಷೆ ಬರೀತೀನಿ. ಮಾಲು ಎಲ್ಲಿಂದ ಬರುತ್ತೆ? ಇವರ ರೈತರು ಭತ್ತವನ್ನ ಯಾವ ಮಿಲ್‌ಗೆ ಹಾಕ್ತಾರೆ? ಬೀಗರಲ್ಲಿ ಯಾರು ಬೇರೆ ಊರಲ್ಲಿ ಇದೇ ವ್ಯಾಪಾರ ಮಾಡ್ತಾರೆ? ಇವರೆಲ್ಲ ಸಾವ್ಕಾರ್ರಿಗೆ ಪರಿಚಿತರು, ಪೈಪೋಟಿ ಇಲ್ಲದವರು. ಅವರಿಗೆ ಒಳ್ಳೆಯದಾದರೆ ಸಾವ್ಕಾರ್ರಿಗೆ ನಷ್ಟವಿಲ್ಲ, ಒಂದು ಒಳ್ಳೆ ಹೆಸರು ಬರುತ್ತೆ.

ಅವತ್ತು ಕೇಳಿದ ಮಾತು ಇದು:

"ಸಾವ್ಕಾರ್ರ, ಉದ್ರಿ ಜಗಳ ಕಮ್ಮಿ ಆತು ಅಂದ್ರಲ್ರಿ, ಅದಕ್ಕ ಒಂದ್ ಮಾತ್ ಕೇಳ್ಬೇಕಂತ ಬಂದೆ. ನಮ್ಮ ಬಜಾರದಾಗ ಬ್ಯಾಡ್ರಿ. ಕೆಂಭಾವಿ, ಹುಣಸಗಿ ಕಡೆ, ಇನ್ನೂ ವಹಿಯೊಳಗ ಉದ್ರಿ ಬರ್ಯೋರು, ರಾಶಿ ಆದಮ್ಯಾಲೆ ತಕರಾರಿಗೆ ಬ್ಯಾಸತ್ತೋರು ನಿಮಗ ಯಾರರ ಗೊತ್ತದಾರೇನ್ರಿ? ಈಗ ಹೇಳೂದ್ ಬ್ಯಾಡ, ಇಚಾರ ಮಾಡ್ರಿ. ಸರಿ ಅನಸ್ಲಿಲ್ಲಂದ್ರ ಬಿಡ್ರಿ, ನಮ್ಮ ಕೆಲಸ ಹಿಂಗs ನಡೀತದ."

ಈ ಮಾತಿನಲ್ಲಿ ಅವರದೇ ಲಾಭವನ್ನ ಅವರಿಗೆ ನೆನಪಿಸಿದೆ. ಊರು ಹೇಳಿದೆ, ಎಂಥ ಅಂಗಡಿ ಅಂತ ಹೇಳಿದೆ. ಪೈಪೋಟಿದಾರರನ್ನ ನಾನೇ ಬದಿಗಿಟ್ಟೆ. ಕೊನೆಗೆ "ಇಲ್ಲ" ಅನ್ನೋಕೆ ಸುಲಭವಾದ ದಾರಿ ಬಿಟ್ಟೆ. ಆ ಕೊನೆಯದನ್ನ ಬಿಟ್ಟುಬಿಟ್ಟರೆ ನಮ್ಮ ಕಡೆ ಜನ ಮುಖದ ಮೇಲೆ ಇಲ್ಲ ಅನ್ನಲ್ಲ. "ನೋಡೂಣು ತಮ್ಮಾ" ಅಂತಾರೆ, ಆಮೇಲೆ ನಾನು ಬರೋದು ಕಂಡರೆ ಒಳಗೆ ಹೋಗ್ತಾರೆ. ಪರಿಚಯವೂ ಇಲ್ಲ, ಹಳೆ ಸಲಿಗೆಯೂ ಇಲ್ಲ.

ಸಾವ್ಕಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಬೇರೆಯೇ: "ನನ್ ಉದ್ರಿ ಲೆಕ್ಕ ಅವರಿಗಿ ತೋರ್ಸತಿಯೇನು?"

ಎಷ್ಟೋ ಗ್ರಾಹಕರು ಬಾಯಿ ಬಿಟ್ಟು ಕೇಳದ ಪ್ರಶ್ನೆ ಇದು. ಯಾರಿಗೆ ಎಷ್ಟು ಉದ್ರಿ ಕೊಟ್ಟಿದ್ದಾರೆ, ಯಾವ ರೈತ ಬಾಕಿ ಇಟ್ಟಿದ್ದಾನೆ ಅನ್ನೋದು ಅಂಗಡಿಯ ಗುಟ್ಟು. ಹೊಸಬರಿಗೆ ತೋರಿಸೋಕೆ ನಾನು ಕಲ್ಪಿತ ಹೆಸರು, ಕಲ್ಪಿತ ಚೀಲಗಳ ಬೇರೆ ಡೇಟಾಬೇಸ್ ಇಟ್ಟಿದ್ದೀನಿ. ಮೊಬೈಲ್ ತೆಗೆದು ಅಲ್ಲೇ ತೋರಿಸಿದೆ. "ಇದ್ರಾಗ ಒಬ್ರೂ ನಿಮ್ಮ ರೈತರಿಲ್ರಿ." ಅವರು ನಾಲ್ಕೈದು ಪುಟ ಸರಿಸಿ ನೋಡಿ ನಕ್ಕರು. ಎರಡು ಹೆಸರು ಬಂದವು. ಒಬ್ಬರು ಕೆಂಭಾವಿಯಲ್ಲಿ ಕ್ರಿಮಿನಾಶಕದ ಅಂಗಡಿ ಇಟ್ಟಿರೋ ಬೀಗರು, ಇನ್ನೊಬ್ಬರು ಹುಣಸಗಿಯ ಹಳೆ ಗೆಳೆಯರು.

ಹತ್ತು ನಂಬರ್ ಪಟಪಟ ಅಂತ ಕಳಿಸಿಬಿಟ್ಟಿದ್ದರೆ ನನಗೆ ಅನುಮಾನ ಬರ್ತಿತ್ತು. ಅದು ತಪ್ಪಿಸಿಕೊಳ್ಳೋ ದಾರಿ. ಯೋಚಿಸಿ ಕೊಟ್ಟ ಎರಡು ಹೆಸರಿನ ಹಿಂದೆ ಹೊಣೆ ಇರುತ್ತೆ.

ನಂಬರ್ ಸಾಲದು

ಬರೀ ನಂಬರ್ ತೆಗೆದುಕೊಂಡು ನಾನೇ ಫೋನ್ ಮಾಡಿದರೆ, ಆ ಕಡೆಯವರಿಗೆ ನಾನು ಇನ್ನೊಬ್ಬ ಮಾರಾಟಗಾರ. ಅದಕ್ಕೆ ಮೊದಲು ಸಾವ್ಕಾರ್ರೇ ಒಂದು ಮಾತು ಹೇಳಲಿ, ಆ ಕಡೆಯವರು ಹ್ಞೂಂ ಅಂದ ಮೇಲೆ ನಾನು ಮಾತಾಡ್ತೀನಿ ಅಂತ ಕೇಳಿಕೊಂಡೆ. ಅವರಿಗೆ ಶ್ರಮ ಆಗದಿರಲಿ ಅಂತ, ಹಾಗೇ ಮುಂದಕ್ಕೆ ಕಳಿಸಬಹುದಾದ ನಾಲ್ಕು ಸಾಲು ಬರೆದುಕೊಟ್ಟೆ:

"ನಮ್ಮ ಅಂಗಡಿ ಉದ್ರಿ ಲೆಕ್ಕ ಈಗ ಮೊಬೈಲ್‌ನಾಗ ಅದ. ಚೀಲ ಒಯ್ದ ಕೂಡ್ಲೆ ರೈತರಿಗೆ ಮೆಸೇಜ್ ಹೋಗ್ತದ. ಈ ಸಲ ವಸೂಲಿಗೆ ಜಗಳ ಆಗ್ಲಿಲ್ಲ. ಮಾಡಿಕೊಟ್ಟ ಹುಡುಗ ನಮ್ಮೂರಾಂವ, ಬೇಕಿದ್ರ ಮಾತಾಡ್ಲಿಕ್ಕೆ ಹೇಳ್ತೀನಿ."

ಇದರಲ್ಲಿ ಬೆಲೆ ಇಲ್ಲ, ಲಿಂಕ್ ಇಲ್ಲ, ನನ್ನ ಹೊಗಳಿಕೆ ಇಲ್ಲ. ಅದನ್ನೂ ಅವರು ಕಳಿಸಲಿಲ್ಲ ಅನ್ನಿ. ಫೋನ್ ಹಚ್ಚಿ ತಮ್ಮದೇ ಮಾತಿನಲ್ಲಿ ಹೇಳಿದರು. ಅದಕ್ಕಿಂತ ಚಲೋದು ಏನಿದೆ?

ಇಲ್ಲಿ ಇನ್ನೊಂದು ಗಡಿಯಾರ ನೋಡಬೇಕು. ಪರಿಚಯ ಕೊಡೋರ ಸಮಯ ಡಿಸೆಂಬರ್. ಅದನ್ನ ತಗೊಳ್ಳೋರ ಸಮಯ ಯಾವುದು? ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟರೆ ಜನವರಿಯಲ್ಲಿ ಮತ್ತೆ ಯೂರಿಯಾಕ್ಕೆ ಸಾಲು ನಿಲ್ತಾರೆ. ಹೊಸ ಲೆಕ್ಕದ ವರ್ಷ ಶುರುವಾಗೋದು ಏಪ್ರಿಲ್ 1ಕ್ಕೆ. ಹಾಗಾಗಿ ಡಿಸೆಂಬರ್‌ನಲ್ಲಿ ಪರಿಚಯದ ಫೋನ್ ಆದ ದಿನವೇ ನಾನು ಇಬ್ಬರಿಗೂ ಮಾತಾಡಿ, ಫೆಬ್ರುವರಿಗೆ ಭೇಟಿ ಗೊತ್ತು ಮಾಡಿಕೊಂಡೆ. ಮಾರ್ಚ್‌ನಲ್ಲಿ ಹಳೆ ವಹಿಯ ಬಾಕಿ ತುಂಬಿಸೋದು, ಏಪ್ರಿಲ್ 1ಕ್ಕೆ ಮೊದಲ ಬಿಲ್. ಜೂನ್‌ನಲ್ಲಿ ಮಳೆ ಬೀಳೋ ಹೊತ್ತಿಗೆ ಕೈಗೆ ಒಗ್ಗಿರುತ್ತೆ. ಪರಿಚಯ ಜೂನ್‌ನಲ್ಲಿ ಬಂದಿದ್ದರೆ, ಗದ್ದಲದ ನಡುವೆ ಕಲಿಯೋಕೆ ಆಗದೆ ಆ ಅಂಗಡಿಯವರು ಬೈಯ್ಯೋದು ಸಾವ್ಕಾರ್ರನ್ನೇ.

ಕೆಂಭಾವಿಯವರು ಏಪ್ರಿಲ್‌ನಲ್ಲಿ ಶುರುಮಾಡಿದರು. ಹುಣಸಗಿಯವರ ಮಗ ಆಗಲೇ ಬೇರೊಂದು ಆ್ಯಪ್ ಬಳಸ್ತಿದ್ದ, ಬೇಡ ಅಂದರು. ಎರಡನ್ನೂ ಸಾವ್ಕಾರ್ರಿಗೆ ಹೋಗಿ ಹೇಳಿದೆ. ಬೇಡ ಅಂದದ್ದನ್ನ ಹೇಳೋದು ಮುಖ್ಯ. ಇಲ್ಲದಿದ್ದರೆ ಅವರು ಗೆಳೆಯರನ್ನ ಕಂಡಾಗ "ಏನಾತಪ್ಪ?" ಅಂತ ಕೇಳಿ ಮುಜುಗರ ಪಡ್ತಾರೆ. ಆದರೆ ಹೇಳೋಕೂ ಒಂದು ಮಿತಿ ಇದೆ. ಬೀಗರ ಅಂಗಡಿಯಲ್ಲಿ ಉದ್ರಿ ಎಷ್ಟಿದೆ ಅಂತ ಸಾವ್ಕಾರ್ರು ಒಮ್ಮೆ ನಗ್ತಾ ಕೇಳಿದರು. "ನಿಮ್ಮ ಲೆಕ್ಕ ಅವರಿಗೆ ಹೇಳಂಗಿಲ್ಲ ಅಂದೀನಲ್ರಿ" ಅಂದೆ. ಮತ್ತೆ ಕೇಳಲಿಲ್ಲ. ಎರಡು ತಿಂಗಳ ಮೇಲೆ ಮೂರನೇ ಹೆಸರನ್ನ, ನಾನು ಕೇಳದೇ, ಅವರೇ ಕಳಿಸಿದರು.

ಕಮಿಷನ್ ಕೊಡಬೇಕಾ?

ಗೆಳೆಯರು ಕೇಳೋ ಮೊದಲ ಪ್ರಶ್ನೆ ಇದೇ. ಪರಿಚಯದಿಂದ ಬಂದ ಗ್ರಾಹಕರು ಬೆಲೆಯುಳ್ಳವರು ಅನ್ನೋದಕ್ಕೆ ಲೆಕ್ಕ ಇದೆ. ಜರ್ಮನಿಯ ಒಂದು ಬ್ಯಾಂಕಿನ ಸುಮಾರು 10,000 ಗ್ರಾಹಕರನ್ನ ಹೆಚ್ಚುಕಮ್ಮಿ ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಬಂತು. ಬೇರೆ ದಾರಿಯಲ್ಲಿ ಬಂದವರಿಗಿಂತ, ಪರಿಚಯದಿಂದ ಬಂದವರು ಬ್ಯಾಂಕ್ ಬಿಟ್ಟು ಹೋಗೋದು ಕಡಿಮೆ, ಅವರ ಒಟ್ಟು ಮೌಲ್ಯ ಸರಾಸರಿ ಶೇ 16ರಷ್ಟಾದರೂ ಹೆಚ್ಚು ಅಂತ ಅದು ಕಂಡಿತು. ಆ ಬ್ಯಾಂಕ್ ಪರಿಚಯ ಮಾಡಿಸಿದವರಿಗೆ 25 ಯೂರೋ ಕೊಡ್ತಿತ್ತು.

ಆದರೆ ಬ್ಯಾಂಕ್ ಬೇರೆ, ಬೀಗರು ಬೇರೆ. ಸಾವ್ಕಾರ್ರು ದುಡ್ಡು ತಗೊಂಡು ಹೇಳಿದರು ಅಂತ ಕೆಂಭಾವಿಯಲ್ಲಿ ಗೊತ್ತಾದರೆ, ಅವರ ಮಾತು ದಲಾಲಿ ಆಗುತ್ತೆ. ದಲಾಲಿ ತಪ್ಪು ಅಂತಲ್ಲ, ಎಪಿಎಂಸಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದೇ ನಡೆಯುತ್ತೆ. ಗುಟ್ಟಾಗಿ ನಡೆದರೆ ಕೆಡುತ್ತೆ. ಹಾಗಾಗಿ ನಾನು ಕಮಿಷನ್ ಕೊಡಲ್ಲ. ಕೊಡೋದೇ ಆದರೆ ಎರಡೂ ಕಡೆಯವರಿಗೆ ಗೊತ್ತಿರೋ ಹಾಗೆ ಕೊಡಿ.

ಪರಿಚಯ ಕೇಳೋ ಮುಂಚೆ ನಿಮ್ಮ ಕೈಯಲ್ಲಿ ಎಷ್ಟಾಗುತ್ತೆ ಅಂತಲೂ ಎಣಿಸಿ. ಹಳೆ ವಹಿ ತುಂಬಿಸಿ, ಕಲಿಸಿ, ಒಂದು ಅಂಗಡಿ ನೆಲೆಗೆ ಬರೋಕೆ ನನಗೆ ಹತ್ತು ಹನ್ನೆರಡು ದಿನ ಬೇಕು. ಅಂದರೆ ಮಾರ್ಚ್‌ನಲ್ಲಿ ಎರಡಕ್ಕಿಂತ ಹೆಚ್ಚು ಆಗಲ್ಲ. ಆರು ಜನರ ಹತ್ತಿರ ಕೇಳಿ, ನಾಲ್ವರನ್ನ ಕಾಯಿಸಿದರೆ ನಾಲ್ಕು ಪರಿಚಯ ಕೊಟ್ಟವರ ಮುಖ ಕೆಡುತ್ತೆ. ಒಬ್ಬ ಗ್ರಾಹಕರ ಹತ್ತಿರ ವರ್ಷಕ್ಕೆ ಒಂದೇ ಸಲ ಕೇಳ್ತೀನಿ. "ನೋಡೂಣು" ಅಂದವರ ಹತ್ತಿರ ಮುಂದಿನ ರಾಶಿವರೆಗೆ ಆ ಮಾತೇ ಎತ್ತಲ್ಲ.

ನಿಮ್ಮ ಕೆಲಸ ಬೇರೆ ಇರಬಹುದು. ಅದಕ್ಕೂ ಒಂದು ರಾಶಿ ಕಾಲ ಇರುತ್ತೆ. ಮದುವೆ ಫೋಟೋ ತೆಗೆಯೋರಿಗೆ ಅದು ಮದುವೆ ದಿನ ಅಲ್ಲ, ಮನೆಯವರೆಲ್ಲ ಕೂತು ಆಲ್ಬಮ್ ತಿರುವಿದ ಮೇಲೆ. ವೆಬ್‌ಸೈಟ್ ಮಾಡೋರಿಗೆ ಲಾಂಚ್ ದಿನ ಅಲ್ಲ, ಅದರಿಂದ ಮೊದಲ ಆರ್ಡರ್‌ಗಳು ಬಂದ ಮೇಲೆ. ನಾನು ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ ಇಟ್ಟಿದ್ದೀನಿ: ಗ್ರಾಹಕರು ತಮ್ಮ ಲಾಭವನ್ನ ತಾವೇ ಹೇಳಿದ ದಿನ, ಹೇಳಿದ ಮಾತು, ನಾನು ಕೇಳಿದ ದಿನ, ಫಲಿತಾಂಶವನ್ನ ಅವರಿಗೆ ಮುಟ್ಟಿಸಿದ ದಿನ. ಮೊದಲ ಎರಡು ಕಾಲಂ ಖಾಲಿ ಇದ್ದರೆ ಮೂರನೆಯದನ್ನ ತುಂಬೋಕೆ ಹೋಗಲ್ಲ. ಆ ಶೀಟ್‌ನಲ್ಲಿ ಕೆಂಭಾವಿ ಅಂಗಡಿಯ ಸಾಲು ಸದ್ಯಕ್ಕೆ ಪೂರ್ತಿ ಖಾಲಿ ಇದೆ. ಅವರ ಭತ್ತದ ಉದ್ರಿ ಇನ್ನೂ ಗದ್ದೆಯಲ್ಲೇ ಇದೆ.